ನೂರು ಕ್ಯಾಲೊರಿಗೆ ಪ್ರೋಟೀನ್ ಎಷ್ಟು? ಪ್ಯಾಕೆಟ್ಟಿನ ಬೆನ್ನು ಓದುವ ಲೆಕ್ಕ

ಪ್ರಶ್ನೆ: ನನಗೆ 48 ವರ್ಷ, ತೂಕ 74 ಕೆ.ಜಿ. ಶುಗರ್ ಬಾರ್ಡರಿನಲ್ಲಿದೆ ಎಂದಿದ್ದಾರೆ. ದಿನಕ್ಕೆ 1500 ಕ್ಯಾಲೊರಿ ಮೀರಬಾರದು, ಪ್ರೋಟೀನ್ 60 ಗ್ರಾಂ ಆಗಬೇಕು ಅಂತ ಡಯಟಿಷಿಯನ್ ಬರೆದುಕೊಟ್ಟಿದ್ದಾರೆ. ಮಾಂಸ ತಿನ್ನುವುದಿಲ್ಲ, ಮೊಟ್ಟೆ ಆಗುತ್ತದೆ. ಮಗ ‘ಹೈ ಪ್ರೋಟೀನ್’ ಮ್ಯೂಸ್ಲಿ, ‘ನೋ ಆಡೆಡ್ ಶುಗರ್’ ನ್ಯೂಟ್ರಿಷನ್ ಪೌಡರ್, ಪೀನಟ್ ಬಟರ್, ಖರ್ಜೂರದ ಬಾರ್ ಎಲ್ಲ ತಂದಿಟ್ಟಿದ್ದಾನೆ. ಹಿಂದುಗಡೆ ಅಂಕಿಗಳೇನೋ ಇವೆ, ಯಾವುದನ್ನು ನೋಡಬೇಕೋ ತಿಳಿಯುತ್ತಿಲ್ಲ. ಇವುಗಳಲ್ಲಿ ನಿಜವಾಗಿ ಪ್ರೋಟೀನ್ ಕೊಡುವುದು ಯಾವುದು? ಸಕ್ಕರೆ ಅಡಗಿದ್ದರೆ ಕಂಡುಹಿಡಿಯುವುದು ಹೇಗೆ?

ಉತ್ತರ: ನಿಮ್ಮ ಡಯಟಿಷಿಯನ್ ಕೊಟ್ಟ ಎರಡು ಅಂಕಿಗಳಲ್ಲೇ ಅರ್ಧ ಉತ್ತರ ಇದೆ. 1500 ಕ್ಯಾಲೊರಿಯೊಳಗೆ 60 ಗ್ರಾಂ ಪ್ರೋಟೀನ್ ಅಂದರೆ ಪ್ರತಿ 100 ಕ್ಯಾಲೊರಿಗೆ ಸರಾಸರಿ 4 ಗ್ರಾಂ. ಆದರೆ ನೀವು ಅನ್ನ, ಮುದ್ದೆ, ಚಪಾತಿ ಬಿಟ್ಟಿರುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಅಕ್ಕಿ, ರಾಗಿ ಎರಡರಲ್ಲೂ 100 ಕ್ಯಾಲೊರಿಗೆ ಸಿಗುವುದು 2 ಗ್ರಾಂ ಆಸುಪಾಸು, ಗೋಧಿಯಲ್ಲಿ 3ರ ಮೇಲೆ ಸ್ವಲ್ಪ. ಇವುಗಳಿಂದ ದಿನಕ್ಕೆ 700 ಕ್ಯಾಲೊರಿ ಬಂತು ಎಂದುಕೊಂಡರೆ ಪ್ರೋಟೀನ್ 15 ಗ್ರಾಂ. ಒಗ್ಗರಣೆ ಎಣ್ಣೆ, ತರಕಾರಿ, ಹಣ್ಣು, ಕಾಫಿಗೆ 300 ಕ್ಯಾಲೊರಿ ಹೋದರೆ ಇನ್ನೊಂದು 5 ಗ್ರಾಂ. ಉಳಿದದ್ದು 500 ಕ್ಯಾಲೊರಿ, ಅದರೊಳಗೆ 40 ಗ್ರಾಂ ಪ್ರೋಟೀನ್ ಬರಬೇಕು. ಅಂದರೆ ನೀವು ‘ಪ್ರೋಟೀನಿಗಾಗಿ’ ಎಂದು ತಿನ್ನುವ ಪದಾರ್ಥಗಳು ಒಟ್ಟಾರೆ 100 ಕ್ಯಾಲೊರಿಗೆ 8 ಗ್ರಾಂ ಕೊಡಬೇಕು. ಈ 8 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮಗ ತಂದ ಪ್ಯಾಕೆಟ್‌ಗಳನ್ನು ಇದರ ಪಕ್ಕದಲ್ಲಿಟ್ಟು ನೋಡೋಣ.

ಲೆಕ್ಕ ಬಹಳ ಸುಲಭ. ಪ್ಯಾಕೆಟ್ಟಿನ ಹಿಂದೆ ಪೋಷಕಾಂಶಗಳ ಚೌಕವಿರುತ್ತದೆ. ಅದರಲ್ಲಿ 100 ಗ್ರಾಂಗೆ ಅಥವಾ 100 ಮಿ.ಲೀ.ಗೆ ಎಂದು ಬರೆದ ಕಾಲಂ ಹಿಡಿಯಿರಿ. ಎನರ್ಜಿ ಎಂಬ ಸಾಲಿನಲ್ಲಿ ಕಿಲೊಕ್ಯಾಲೊರಿ ಇರುತ್ತದೆ. ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದು ಅದನ್ನೇ. ಪ್ರೋಟೀನ್ ಗ್ರಾಂಗಳನ್ನು 100ರಿಂದ ಗುಣಿಸಿ, ಆ ಕ್ಯಾಲೊರಿಯಿಂದ ಭಾಗಿಸಿ.

ಪ್ರೋಟೀನ್ (ಗ್ರಾಂ) × 100 ÷ ಎನರ್ಜಿ (ಕಿಲೊಕ್ಯಾಲೊರಿ)

ಒಂದು ಗ್ರಾಂ ಪ್ರೋಟೀನಿನಲ್ಲಿ 4 ಕ್ಯಾಲೊರಿ ಇರುವುದರಿಂದ, ಶುದ್ಧ ಪ್ರೋಟೀನ್ ಆದರೂ 100 ಕ್ಯಾಲೊರಿಗೆ 25 ಗ್ರಾಂ ದಾಟುವುದಿಲ್ಲ. ಯಾವುದೇ ಲೇಬಲ್ಲಿನಲ್ಲಿ ನಿಮ್ಮ ಉತ್ತರ 25ಕ್ಕಿಂತ ಹೆಚ್ಚು ಬಂದರೆ ಒಂದೋ ಲೆಕ್ಕ ತಪ್ಪಿದೆ, ಇಲ್ಲವೇ ಬೇರೆ ಬೇರೆ ಕಾಲಂನಿಂದ ಅಂಕಿ ತೆಗೆದಿದ್ದೀರಿ. ಎರಡನೆಯದೇ ಹೆಚ್ಚು. ಪ್ರೋಟೀನನ್ನು 100 ಗ್ರಾಂ ಕಾಲಂನಿಂದಲೂ ಕ್ಯಾಲೊರಿಯನ್ನು ಪಕ್ಕದ ‘ಪರ್ ಸರ್ವ್’ ಕಾಲಂನಿಂದಲೂ ತೆಗೆದುಕೊಳ್ಳುವ ತಪ್ಪು ಬಹಳ ಜನ ಮಾಡುತ್ತಾರೆ.

100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದಷ್ಟೇ ನೋಡಿದರೆ ಏಕೆ ಸಾಲದು ಎಂದು ಕೇಳಬಹುದು. ಕಾರಣ ನೀರು. ಟೋನ್ಡ್ ಹಾಲಿನಲ್ಲಿ 100 ಮಿ.ಲೀ.ಗೆ 3 ಗ್ರಾಂ ಚಿಲ್ಲರೆ ಪ್ರೋಟೀನ್, ಮ್ಯೂಸ್ಲಿಯಲ್ಲಿ 100 ಗ್ರಾಂಗೆ 13 ಗ್ರಾಂ. ಮ್ಯೂಸ್ಲಿ ನಾಲ್ಕು ಪಟ್ಟು ಮೇಲು ಎನ್ನಿಸುತ್ತದೆ. ಆದರೆ ಹಾಲಿನ ತೂಕದ ಬಹುಪಾಲು ನೀರು. ನೀರಿಗೆ ಕ್ಯಾಲೊರಿ ಇಲ್ಲ. 100 ಮಿ.ಲೀ. ಟೋನ್ಡ್ ಹಾಲಿನಲ್ಲಿ ಇರುವುದು 58 ಕ್ಯಾಲೊರಿ ಮಾತ್ರ, ಹಾಗಾಗಿ 100 ಕ್ಯಾಲೊರಿಗೆ 5ಕ್ಕಿಂತ ಮೇಲೆ ಪ್ರೋಟೀನ್ ಸಿಗುತ್ತದೆ. ಮ್ಯೂಸ್ಲಿಯಲ್ಲಿ ಸಿಗುವುದು ಸುಮಾರು 3. ಕ್ಯಾಲೊರಿಯಿಂದ ಭಾಗಿಸಿದಾಗ ನೀರಿನ ಮಾಯೆ ಕಳಚಿಬಿದ್ದು, ಒಣ ಪುಡಿಯನ್ನೂ ಹಸಿ ಮೊಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಮನೆಯಲ್ಲೇ ಇರುವ ಪದಾರ್ಥಗಳು ಈ ತಕ್ಕಡಿಯಲ್ಲಿ ಎಲ್ಲಿ ನಿಲ್ಲುತ್ತವೆ ಎಂದು ಅಂದಾಜಿಗೆ ಹೇಳಿಬಿಡುತ್ತೇನೆ. ಸೋಯಾ ಚಂಕ್ಸ್ 15, ಮೊಟ್ಟೆ 8ರಿಂದ 9, ತೊಗರಿಬೇಳೆ ಮತ್ತು ಪನೀರ್ 6ರ ಹತ್ತಿರ, ಹುರಿಗಡಲೆ ಐದೂವರೆ ಚಿಲ್ಲರೆ, ಕಡಲೆಕಾಯಿ ನಾಲ್ಕೂವರೆ, ಬಾದಾಮಿ ಮೂರೂವರೆ. ಹಾಲಿನಲ್ಲಿ ಕೆನೆ ಕಡಿಮೆಯಾದಷ್ಟೂ ಅಂಕಿ ಏರುತ್ತದೆ: ಟೋನ್ಡ್ 5ರ ಮೇಲೆ, ಡಬಲ್ ಟೋನ್ಡ್ 7ರ ಹತ್ತಿರ, ಪೂರ್ತಿ ಕೆನೆ ತೆಗೆದದ್ದು 9–10. ಬಾದಾಮಿ ತಿಂದು ಪ್ರೋಟೀನ್ ಆಯಿತು ಎಂದುಕೊಳ್ಳುವವರಿಗೆ ಈ ಸಾಲು ಸ್ವಲ್ಪ ಬೇಸರ ತರಿಸಬಹುದು. ಬಾದಾಮಿ ಕೆಟ್ಟದ್ದೆಂದಲ್ಲ, ಅದು ಮುಖ್ಯವಾಗಿ ಒಳ್ಳೆಯ ಕೊಬ್ಬಿನ ಪದಾರ್ಥ, ಅಷ್ಟೇ.

ಈಗ ಮ್ಯೂಸ್ಲಿಗೆ ಬರೋಣ. ನಿಮ್ಮ ಪ್ಯಾಕೆಟ್ಟಿನ ಅಂಕಿಗಳು ನನ್ನ ಮುಂದಿಲ್ಲ, ಆದ್ದರಿಂದ ಇಂಥ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವಂಥ ಅಂಕಿಗಳನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತೇನೆ. ನಿಮ್ಮದನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ. 100 ಗ್ರಾಂಗೆ 420 ಕ್ಯಾಲೊರಿ, ಪ್ರೋಟೀನ್ 13 ಗ್ರಾಂ, ಕಾರ್ಬೊಹೈಡ್ರೇಟ್ 62, ಟೋಟಲ್ ಶುಗರ್ಸ್ 21, ಆಡೆಡ್ ಶುಗರ್ಸ್ 17, ಕೊಬ್ಬು 12, ನಾರು 8. ನಮ್ಮ ಲೆಕ್ಕ ಹಾಕಿದರೆ 1300 ÷ 420, ಅಂದರೆ 3.1. ನಿಮಗೆ ಬೇಕಾದ 8ರ ಅರ್ಧವೂ ಇಲ್ಲ. ಚಪಾತಿಯೂ ಹೆಚ್ಚು ಕಡಿಮೆ ಇಷ್ಟೇ ಕೊಡುತ್ತದೆ.

ಹಾಗಿದ್ದೂ ಮುಂದೆ ‘ಹೈ ಪ್ರೋಟೀನ್’ ಎಂದು ಹಾಕಿರುವುದು ಸುಳ್ಳೇ? ಕಾನೂನಿನ ಪ್ರಕಾರ ಅಲ್ಲ. ಆಹಾರದ ನಿಯಮ ಮಾಡುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದಲ್ಲಿ, ಘನ ಆಹಾರದ 100 ಗ್ರಾಂನಲ್ಲಿ ದಿನದ ಶಿಫಾರಸಿನ ಶೇ. 20ರಷ್ಟು ಪ್ರೋಟೀನ್ ಇದ್ದರೆ ‘ಹೈ’ ಎನ್ನಬಹುದು. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ 65 ಕೆ.ಜಿ. ತೂಕದ ಗಂಡಸಿಗೆ ಹೇಳಿದ 54 ಗ್ರಾಂ ಹಿಡಿದರೆ ಅದು ಸುಮಾರು 11 ಗ್ರಾಂ. ನಮ್ಮ ಗೋಧಿಹಿಟ್ಟಿನ ಚೀಲದ ಮೇಲೇ ಅನೇಕ ಸಲ 11 ಅಥವಾ 12 ಗ್ರಾಂ ಎಂದಿರುತ್ತದೆ. 100 ಕ್ಯಾಲೊರಿಗೆ ಶೇ. 10 ಇರಬೇಕೆಂಬ ಇನ್ನೊಂದು ಅಳತೆಯೂ ಆ ನಿಯಮದಲ್ಲಿದೆ. ನಮ್ಮ ಮ್ಯೂಸ್ಲಿ ಅದರಲ್ಲಿ ಸೋಲುತ್ತದೆ, ಏಕೆಂದರೆ ಅದಕ್ಕೆ 5.4 ಗ್ರಾಂ ಬೇಕು. ಆದರೆ ಎರಡೂ ಅಳತೆಯಲ್ಲಿ ಗೆಲ್ಲಬೇಕಾಗಿಲ್ಲ, ಒಂದರಲ್ಲಿ ಗೆದ್ದರೆ ಸಾಕು. ಒಣ ಪದಾರ್ಥ ಮಾರುವವರಿಗೆ ಮೊದಲನೆಯದು ಸಲೀಸು. ಆದ್ದರಿಂದ ಮುಂಬದಿಯ ದಪ್ಪಕ್ಷರ ಓದಿ ಹೋಲಿಸುವುದರಲ್ಲಿ ಅರ್ಥವಿಲ್ಲ.

ಇದೇ ಮ್ಯೂಸ್ಲಿಯ ಸಕ್ಕರೆ ಹುಡುಕುವುದಕ್ಕೆ ಪದಾರ್ಥಗಳ ಪಟ್ಟಿ ಓದಬೇಕು. ನಿಯಮದ ಪ್ರಕಾರ ಅದನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು: ಹೆಚ್ಚು ಹಾಕಿದ್ದು ಮೊದಲು, ಕಡಿಮೆ ಹಾಕಿದ್ದು ಕೊನೆಗೆ. ಪ್ಯಾಕೆಟ್ಟಿನ ಹೆಸರಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ ಪದಾರ್ಥಕ್ಕೆ ಶೇಕಡಾವಾರು ಹಾಕಬೇಕು. ಮಾದರಿ ಪಟ್ಟಿ ಹೀಗಿದೆ ಎಂದುಕೊಳ್ಳಿ: ಓಟ್ಸ್ 34%, ಗೋಧಿ ಫ್ಲೇಕ್ಸ್ 16%, ಸೋಯಾ ಕ್ರಿಸ್ಪ್ಸ್ 12%, ಸಕ್ಕರೆ, ಚಾಕೊ ಚಿಪ್ಸ್ 7% (ಸಕ್ಕರೆ, ಕೋಕೋ, ವನಸ್ಪತಿ ಕೊಬ್ಬು), ಖಾದ್ಯ ತೈಲ, ಇನ್ವರ್ಟ್ ಸಿರಪ್, ಒಣದ್ರಾಕ್ಷಿ 5%, ಜೇನು 2%, ಬಾದಾಮಿ 2%, ಉಪ್ಪು, ಫ್ಲೇವರ್.

ಸಕ್ಕರೆಗೆ ಶೇಕಡಾ ಹಾಕಿಲ್ಲ, ಆದರೂ ಅದು ಅಡಗಿಕೊಳ್ಳಲಾರದು. 12% ಇರುವ ಸೋಯಾದ ಕೆಳಗೆ, 7% ಇರುವ ಚಾಕೊ ಚಿಪ್ಸ್ ಮೇಲೆ ಕುಳಿತಿದೆ. ಆದ್ದರಿಂದ ಅದು 7ಕ್ಕೂ 12ಕ್ಕೂ ನಡುವೆ ಇರಲೇಬೇಕು. 8 ಎನ್ನೋಣ. ಚಾಕೊ ಚಿಪ್ಸಿನ ಆವರಣದೊಳಗೆ ಮೊದಲ ಹೆಸರೇ ಸಕ್ಕರೆ, ಅಂದರೆ ಆ 7ರಲ್ಲಿ ಅರ್ಧದ ಹತ್ತಿರ ಸಕ್ಕರೆ, ಮೂರೂವರೆ. ಸಕ್ಕರೆಯಿಂದಲೇ ಮಾಡಿದ ಪಾಕವಾದ ಇನ್ವರ್ಟ್ ಸಿರಪ್ 5ರಿಂದ 7ರ ನಡುವೆ. ಅದರ ನೀರು ಕಳೆದರೆ ಸಕ್ಕರೆ ಸುಮಾರು ನಾಲ್ಕು. ಜೇನಿನಿಂದ ಒಂದೂವರೆ. ಒಟ್ಟು 17. ಆಡೆಡ್ ಶುಗರ್ಸ್ ಸಾಲಿನ ಅಂಕಿಗೆ ಇದು ತಾಳೆಯಾಗುತ್ತದೆ. ಈಗ ಗಮನಿಸಿ: ಈ ನಾಲ್ಕನ್ನೂ ಒಂದೇ ಹೆಸರಿನಲ್ಲಿ ಬರೆದಿದ್ದರೆ ಸಕ್ಕರೆ ಪಟ್ಟಿಯಲ್ಲಿ ಓಟ್ಸ್ ನಂತರ ಎರಡನೇ ಜಾಗಕ್ಕೆ ಬರುತ್ತಿತ್ತು, ಗೋಧಿ ಫ್ಲೇಕ್ಸ್‌ಗಿಂತ ಮೇಲೆ. ನಾಲ್ಕು ಹೆಸರಾಗಿ ಒಡೆದದ್ದರಿಂದ ನಾಲ್ಕನೇ ಜಾಗದಲ್ಲಿ ಸಾಧುವಾಗಿ ಕುಳಿತಿದೆ. ಪ್ರತಿಯೊಂದು ಸಿರಪ್‌ಗೂ ತಯಾರಿಕೆಯಲ್ಲಿ ಬೇರೆ ಬೇರೆ ಕೆಲಸವಿರುತ್ತದೆ, ಅಂಟಿಸುವುದಕ್ಕೆ ಒಂದು, ಗರಿಗರಿಗೆ ಒಂದು. ಮೋಸದ ಉದ್ದೇಶವೇ ಇರಬೇಕೆಂದಿಲ್ಲ. ಆದರೆ ಓದುವವರಿಗೆ ಆಗುವ ಪರಿಣಾಮ ಒಂದೇ.

ಪಟ್ಟಿ ಓದುವಾಗ ಉಪ್ಪನ್ನೂ ಅಳತೆಗೋಲು ಮಾಡಿಕೊಳ್ಳಬಹುದು. ಬಿಸ್ಕತ್ತು, ಮ್ಯೂಸ್ಲಿ, ಬಾರ್‌ಗಳಂಥ ಸಿಹಿ ಪದಾರ್ಥದಲ್ಲಿ ಉಪ್ಪು ಶೇ. 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಹಾಗಾಗಿ ಉಪ್ಪಿನ ನಂತರ ಬಂದದ್ದೆಲ್ಲ ಅದಕ್ಕಿಂತ ಕಡಿಮೆ. ಮುಂದೆ ಬಾದಾಮಿ, ಚಿಯಾ, ಕುಂಬಳ ಬೀಜಗಳ ರಾಶಿಯ ಚಿತ್ರವಿದ್ದು, ಹಿಂದೆ ಅವು ಉಪ್ಪಿನ ನಂತರ ಕುಳಿತಿದ್ದರೆ, ನೀವು ಕೊಳ್ಳುತ್ತಿರುವುದು ಚಿತ್ರವನ್ನು. ರಾಗಿ ಬಿಸ್ಕತ್ತಿಗೂ ಇದೇ ಮಾತು: ರಾಗಿಯ ಪಕ್ಕದ ಶೇಕಡಾ ನೋಡಿ, ಆಮೇಲೆ ಪಟ್ಟಿಯ ಮೊದಲ ಹೆಸರು ಮೈದಾವೋ ಗೋಧಿಯೋ ನೋಡಿ.

ಇನ್ನು ‘ಪರ್ ಸರ್ವ್’ ಕಾಲಂ. ಮ್ಯೂಸ್ಲಿಗೆ 30 ಗ್ರಾಂ ಎಂದು ಹಾಕಿರುತ್ತಾರೆ. ಒಮ್ಮೆ ಅಡುಗೆಮನೆಯ ತಕ್ಕಡಿಯ ಮೇಲೆ ನೀವು ದಿನಾ ತಿನ್ನುವ ಬಟ್ಟಲನ್ನು ಇಟ್ಟು ಸುರಿದುಕೊಳ್ಳಿ. 60 ಗ್ರಾಂ ಸುಲಭವಾಗಿ ದಾಟುತ್ತದೆ. ಆಗ 250 ಕ್ಯಾಲೊರಿ, ಪ್ರೋಟೀನ್ 8 ಗ್ರಾಂ, ಸೇರಿಸಿದ ಸಕ್ಕರೆ 10 ಗ್ರಾಂ, ಅಂದರೆ ಎರಡು ಟೀ ಚಮಚ. ಪಕ್ಕದಲ್ಲಿ ಶೇಕಡಾ ಆರ್‌ಡಿಎ, ಅಂದರೆ ದಿನದ ಶಿಫಾರಸಿನ ಶೇಕಡಾವಾರು, ಎಂದು ಕಾಣುವ ಅಂಕಿಗಳನ್ನು ದಿನಕ್ಕೆ 2000 ಕ್ಯಾಲೊರಿ, 50 ಗ್ರಾಂ ಸೇರಿಸಿದ ಸಕ್ಕರೆ ಎಂಬ ಲೆಕ್ಕದ ಮೇಲೆ ಹಾಕಿರುತ್ತಾರೆ. ನಿಮಗೆ ಅದು ದೊಡ್ಡ ಅಂಗಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇಂಥ ಸಕ್ಕರೆ ಒಟ್ಟು ಕ್ಯಾಲೊರಿಯ ಶೇ. 10ರೊಳಗಿರಲಿ, ಸಾಧ್ಯವಾದರೆ ಶೇ. 5ಕ್ಕೆ ಇಳಿಯಲಿ ಎಂದಿತು. ನಿಮ್ಮ 1500ಕ್ಕೆ ಶೇ. 5 ಎಂದರೆ 19 ಗ್ರಾಂ. ಕಾಫಿಗೆ ಹಾಕುವ ಸಕ್ಕರೆಯೂ ಅದರಲ್ಲೇ ಬರಬೇಕು.

ನ್ಯೂಟ್ರಿಷನ್ ಪೌಡರ್ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಶುಗರ್ ಬಾರ್ಡರಿನಲ್ಲಿರುವವರು ನಂಬಿ ಕುಡಿಯುವುದು ಇದನ್ನೇ, ಮತ್ತು ಇಲ್ಲಿ ಸಕ್ಕರೆ ಸಾಲು ನೋಡಿದರೆ ಏನೂ ಸಿಗುವುದಿಲ್ಲ. ಮಾದರಿ ಅಂಕಿಗಳು: 390 ಕ್ಯಾಲೊರಿ, ಪ್ರೋಟೀನ್ 20, ಕಾರ್ಬೊಹೈಡ್ರೇಟ್ 62, ಟೋಟಲ್ ಶುಗರ್ಸ್ 6, ಆಡೆಡ್ ಶುಗರ್ಸ್ 0, ಕೊಬ್ಬು 6, ನಾರು 4. ಪದಾರ್ಥಗಳು: ಮಾಲ್ಟೋಡೆಕ್ಸ್ಟ್ರಿನ್, ಹಾಲಿನ ಪ್ರೋಟೀನ್, ಸೋಯಾ ಪ್ರೋಟೀನ್, ಎಣ್ಣೆಯ ಪುಡಿ, ನಾರು, ಖನಿಜಗಳು, ಜೀವಸತ್ವಗಳು, ಸಿಹಿಕಾರಕ (ಐಎನ್‌ಎಸ್ 955).

ಇಲ್ಲಿ ಒಂದು ಕಳೆಯುವ ಲೆಕ್ಕ ಮಾಡಿ: ಕಾರ್ಬೊಹೈಡ್ರೇಟ್‌ನಿಂದ ಟೋಟಲ್ ಶುಗರ್ಸ್ ಕಳೆಯಿರಿ. 62ರಲ್ಲಿ 6 ಹೋದರೆ 56. ಈ 56 ಗ್ರಾಂ ಎಲ್ಲಿಂದ ಬಂತು? ಪಟ್ಟಿಯಲ್ಲಿ ಓಟ್ಸ್ ಇಲ್ಲ, ಅಕ್ಕಿ ಇಲ್ಲ, ಯಾವ ಧಾನ್ಯವೂ ಇಲ್ಲ. ಇರುವುದು ಮಾಲ್ಟೋಡೆಕ್ಸ್ಟ್ರಿನ್ ಒಂದೇ. ಮೆಕ್ಕೆಜೋಳ ಅಥವಾ ಮರಗೆಣಸಿನಂಥವುಗಳ ಪಿಷ್ಟವನ್ನು ಸಣ್ಣ ಸಣ್ಣ ತುಂಡಾಗಿ ಕಡಿದು ಒಣಗಿಸಿದ ಬಿಳಿ ಪುಡಿ ಅದು. ಬಾಯಿಗೆ ಸಿಹಿ ತೀರಾ ಕಡಿಮೆ. ಲೇಬಲ್ ನಿಯಮದಲ್ಲಿ ಶುಗರ್ಸ್ ಅಂದರೆ ಒಂಟಿ ಮತ್ತು ಜೋಡಿ ಕಣದ ಸಕ್ಕರೆಗಳು ಮಾತ್ರ: ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್, ಲ್ಯಾಕ್ಟೋಸ್, ಮಾಲ್ಟೋಸ್. ಮಾಲ್ಟೋಡೆಕ್ಸ್ಟ್ರಿನ್‌ನಲ್ಲಿ ಕಣಗಳು ಅದಕ್ಕಿಂತ ಉದ್ದದ ಸರಪಳಿ, ಹಾಗಾಗಿ ಬಹುಪಾಲು ಆ ಸಾಲಿಗೆ ಬರುವುದೇ ಇಲ್ಲ. ಆದರೆ ಕರುಳು ಈ ಸರಪಳಿಯನ್ನು ಬೇಗನೆ ಕಡಿದು ಗ್ಲೂಕೋಸ್ ಮಾಡಿಬಿಡುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರುವ ವೇಗದಲ್ಲಿ ಇದು ಟೇಬಲ್ ಸಕ್ಕರೆಗೆ ಬಿಟ್ಟುಕೊಡುವುದಿಲ್ಲ, ಮುಂದೆಯೇ ಇರುತ್ತದೆ. ‘ನೋ ಆಡೆಡ್ ಶುಗರ್’ ಎಂಬ ಮಾತು ಅಕ್ಷರಶಃ ನಿಜ, ನಿಮ್ಮ ಗ್ಲುಕೋಮೀಟರಿಗೆ ಮಾತ್ರ ಅದು ಗೊತ್ತಾಗುವುದಿಲ್ಲ.

30 ಗ್ರಾಂ ಪುಡಿ ಹಾಕಿದರೆ ಹೊಟ್ಟೆಗೆ ಹೋಗುವುದು 117 ಕ್ಯಾಲೊರಿ, 6 ಗ್ರಾಂ ಪ್ರೋಟೀನ್, 17 ಗ್ರಾಂನಷ್ಟು ಮಾಲ್ಟೋಡೆಕ್ಸ್ಟ್ರಿನ್. ಮೂರೂವರೆ ಚಮಚ ಸಕ್ಕರೆಯ ತೂಕ. ಡಬ್ಬಿಯ ಮುಂದೆ ‘ಒಂದು ಲೋಟಕ್ಕೆ 12 ಗ್ರಾಂ ಪ್ರೋಟೀನ್’ ಎಂದಿದ್ದರೆ ಅದರ ಪಕ್ಕದ ಚುಕ್ಕಿ ಗುರುತನ್ನು ಹಿಂಬಾಲಿಸಿ ಕೆಳಗೆ ಹೋಗಿ, ‘200 ಮಿ.ಲೀ. ಹಾಲಿನಲ್ಲಿ ಬೆರೆಸಿದಾಗ’ ಎಂಬ ಸಣ್ಣಕ್ಷರ ಸಿಗುತ್ತದೆ. ಆ 12ರಲ್ಲಿ ಅರ್ಧ ನಿಮ್ಮ ಮನೆಯ ಹಾಲಿನದು. 100 ಕ್ಯಾಲೊರಿಗೆ ಲೆಕ್ಕ ಹಾಕಿದರೆ ಪುಡಿ 5.1 ಕೊಡುತ್ತದೆ, ಬರೀ ಟೋನ್ಡ್ ಹಾಲಿನಷ್ಟೇ. ದುಡ್ಡು ಕೊಟ್ಟು ತಂದ ಪುಡಿಯಿಂದ ಹಾಲಿನ ದರ್ಜೆ ಮೇಲೇರಲಿಲ್ಲ.

ಈ ಕಳೆಯುವ ಲೆಕ್ಕವನ್ನು ಮ್ಯೂಸ್ಲಿಗೆ ಹಾಕಬೇಡಿ. ಅಲ್ಲಿ ಉಳಿಯುವುದು ಓಟ್ಸ್, ಗೋಧಿಯ ಸಹಜ ಪಿಷ್ಟ. ಅದು ನಿಧಾನವಾಗಿ ಕರಗುವಂಥದ್ದು. ಧಾನ್ಯವೇ ಇಲ್ಲದ ಪುಡಿ, ಶೇಕ್, ಸಪ್ಲಿಮೆಂಟುಗಳಲ್ಲಿ ಮಾತ್ರ ಈ ಕಳೆದುಳಿದದ್ದು ಕಳ್ಳನನ್ನು ತೋರಿಸುತ್ತದೆ. ಇನ್ನೊಂದು ತೊಡಕು ನಾರಿನದು. ಕೆಲವು ಲೇಬಲ್‌ಗಳಲ್ಲಿ ಕಾರ್ಬೊಹೈಡ್ರೇಟ್‌ನೊಳಗೇ ನಾರು ಸೇರಿರುತ್ತದೆ, ಕೆಲವುಗಳಲ್ಲಿ ಹೊರಗಿರುತ್ತದೆ. ತಿಳಿಯಲು ಕ್ಯಾಲೊರಿಯನ್ನು ನೀವೇ ಕೂಡಿಸಿ ನೋಡಿ: ಪ್ರೋಟೀನ್ ಮತ್ತು ಕಾರ್ಬೊಹೈಡ್ರೇಟ್ ಗ್ರಾಂಗೆ 4, ಕೊಬ್ಬಿಗೆ 9, ನಾರಿಗೆ 2. ನಮ್ಮ ಪುಡಿಯಲ್ಲಿ 80 + 248 + 54 = 382; ನಾರಿನ 8 ಸೇರಿಸಿದರೆ ಸರಿಯಾಗಿ 390. ಅಂದರೆ ನಾರು ಹೊರಗಿದೆ, 62ರಿಂದ ಅದನ್ನು ಮತ್ತೆ ಕಳೆಯಬೇಕಾಗಿಲ್ಲ. ನಾರು ಸೇರಿಸದೆಯೇ ನೀವು ಕೂಡಿಸಿದ್ದು ಲೇಬಲ್ಲಿನ ಅಂಕಿಗಿಂತ ಹೆಚ್ಚು ಬಂದರೆ ನಾರು ಒಳಗೇ ಇರಬಹುದು, ಅಥವಾ ಮಾಲ್ಟಿಟಾಲ್‌ನಂಥ ಶುಗರ್ ಆಲ್ಕೊಹಾಲ್ ಎಂಬ ಬಗೆಯ ಸಿಹಿಕಾರಕ ಇರಬಹುದು. ಐದಾರು ಕ್ಯಾಲೊರಿಯ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 50–60 ವ್ಯತ್ಯಾಸ ಬಂದರೆ ಕಾರಣ ಹುಡುಕಿ.

ಲಿಕ್ವಿಡ್ ಗ್ಲೂಕೋಸ್ ಎಂಬ ಹೆಸರೂ ಇದೇ ಜಾತಿಯ ತೊಂದರೆ ಕೊಡುತ್ತದೆ. ಬಾರ್‌ಗಳಲ್ಲಿ, ಚಿಕ್ಕಿಯಲ್ಲಿ ಅಂಟಿಗಾಗಿ ಅದನ್ನು ಬಳಸುತ್ತಾರೆ. ಹೆಸರು ಗ್ಲೂಕೋಸ್ ಆದರೂ ಮಿಠಾಯಿಗೆ ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಒಂಟಿ ಮತ್ತು ಜೋಡಿ ಕಣದ ಸಕ್ಕರೆ ಮೂರನೇ ಒಂದು ಭಾಗದಷ್ಟು, ಉಳಿದದ್ದು ಉದ್ದ ಸರಪಳಿಗಳು. ಆದ್ದರಿಂದ 20 ಗ್ರಾಂ ಲಿಕ್ವಿಡ್ ಗ್ಲೂಕೋಸ್ ಹಾಕಿದರೂ ಶುಗರ್ಸ್ ಸಾಲಿನಲ್ಲಿ ಕಾಣುವುದು ಐದಾರು ಗ್ರಾಂ. ಪಟ್ಟಿಯ ಮೊದಲ ಮೂರು ಹೆಸರುಗಳಲ್ಲಿ ಮಾಲ್ಟೋಡೆಕ್ಸ್ಟ್ರಿನ್ ಅಥವಾ ಲಿಕ್ವಿಡ್ ಗ್ಲೂಕೋಸ್ ಇದ್ದರೆ ನಿಮ್ಮಂಥವರು ಆ ಪ್ಯಾಕೆಟ್ಟನ್ನು ಸಕ್ಕರೆ ಹಾಕಿದ್ದು ಎಂದೇ ಭಾವಿಸಬೇಕು. ನನ್ನ ಮಟ್ಟಿಗೆ ಇದರಲ್ಲಿ ರಾಜಿಯಿಲ್ಲ.

ಮಾಲ್ಟ್ ಪಾನೀಯದ ಪುಡಿಗಳಲ್ಲಿ ಟೋಟಲ್ ಶುಗರ್ಸ್‌ಗೂ ಆಡೆಡ್ ಶುಗರ್ಸ್‌ಗೂ ದೊಡ್ಡ ಅಂತರ ಇರುವುದುಂಟು. ಅಂತರದಲ್ಲಿ ಸ್ವಲ್ಪ ಹಾಲಿನ ಲ್ಯಾಕ್ಟೋಸ್. ಉಳಿದದ್ದು ಬಾರ್ಲಿ ಮೊಳಕೆಯಿಂದ ಬಂದ ಮಾಲ್ಟೋಸ್. ಎರಡು ಗ್ಲೂಕೋಸ್ ಕಣ ಕೈಹಿಡಿದುಕೊಂಡದ್ದೇ ಮಾಲ್ಟೋಸ್, ಧಾನ್ಯದಿಂದ ಬಂತೆಂದು ರಕ್ತಕ್ಕೆ ಅದು ಮೃದುವಾಗುವುದಿಲ್ಲ. ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಲ್ಲಿಟ್ಟು ಮಾರಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಮಾರಾಟಗಾರರಿಗೆ ಹೇಳಿತು, ಏಕೆಂದರೆ ಆ ಹೆಸರಿನ ವರ್ಗವೇ ಕಾಯ್ದೆಯಲ್ಲಿಲ್ಲ.

ಹಾಲು, ಮೊಸರಿನಲ್ಲಿ ಮಾತ್ರ ಟೋಟಲ್ ಶುಗರ್ಸ್ ನೋಡಿ ಹೆದರಬೇಡಿ. ಸಾದಾ ಮೊಸರಿನಲ್ಲೂ 100 ಗ್ರಾಂಗೆ 4–5 ಗ್ರಾಂ ಕಾಣುತ್ತದೆ. ಅದು ಹಾಲಿನದೇ ಲ್ಯಾಕ್ಟೋಸ್. ಹಣ್ಣಿನ ಫ್ಲೇವರಿನ ಯೋಗರ್ಟಿನಲ್ಲಿ 14 ಎಂದಿದ್ದರೆ 5 ಕಳೆದು ಉಳಿದ 9 ಹೊರಗಿನದು ಎಂದು ತಿಳಿಯಿರಿ.

ಪೀನಟ್ ಬಟರ್ ಬಗ್ಗೆ ಹೇಳುವುದು ಕಡಿಮೆ. ಪದಾರ್ಥದ ಸಾಲಿನಲ್ಲಿ ಹುರಿದ ಕಡಲೆಕಾಯಿ ಒಂದೇ ಇದ್ದರೆ 100 ಗ್ರಾಂಗೆ 620 ಕ್ಯಾಲೊರಿ, 28 ಗ್ರಾಂ ಪ್ರೋಟೀನ್ ಆಸುಪಾಸು, ಅಂದರೆ 4.5. ಚಾಕೊಲೇಟ್ ಬೆರೆಸಿದ್ದರಲ್ಲಿ ಕಡಲೆಕಾಯಿಯ ಜಾಗವನ್ನು ಸಕ್ಕರೆ ಹಿಡಿಯುವುದರಿಂದ 3.7ರ ಹತ್ತಿರ ಇಳಿಯುತ್ತದೆ. 100 ಗ್ರಾಂಗೆ 28 ಎಂಬುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಎರಡು ದೊಡ್ಡ ಚಮಚಕ್ಕೇ 200 ಕ್ಯಾಲೊರಿ. ನಿಮ್ಮ 500ರಲ್ಲಿ ಇಷ್ಟು ಖರ್ಚು ಮಾಡಿ 9 ಗ್ರಾಂ ತರುವುದು ದುಬಾರಿ. ಚಪಾತಿಗೆ ಒಂದು ಚಮಚ ಸವರಿಕೊಳ್ಳಿ, ಕೊಬ್ಬಿನ ಲೆಕ್ಕಕ್ಕೆ ಬರೆದುಕೊಳ್ಳಿ.

ಖರ್ಜೂರದ ಬಾರ್‌ನಲ್ಲಿ ಆಡೆಡ್ ಶುಗರ್ಸ್ 0 ಎಂದೂ ಟೋಟಲ್ ಶುಗರ್ಸ್ 40ರ ಮೇಲೆ ಎಂದೂ ಇರಬಹುದು. ಒಣ ಖರ್ಜೂರದ ತೂಕದಲ್ಲಿ ಮೂರನೇ ಎರಡು ಭಾಗದ ಹತ್ತಿರ ಸಕ್ಕರೆಯೇ. ಹಣ್ಣಿನದು ಎಂಬ ಕಾರಣಕ್ಕೆ ‘ಸೇರಿಸಿದ್ದು’ ಎಂಬ ಲೆಕ್ಕದಿಂದ ಅದು ತಪ್ಪಿಸಿಕೊಳ್ಳಬಹುದು. ನಾರಿದೆ, ಖನಿಜವಿದೆ, ನಿಜ. ಆದರೂ 40 ಗ್ರಾಂ ಬಾರ್‌ನಲ್ಲಿ 16–18 ಗ್ರಾಂ ಸಕ್ಕರೆ. ನಿಮ್ಮ ಪರಿಸ್ಥಿತಿಯಲ್ಲಿ ಇಂಥ ಪ್ಯಾಕೆಟ್‌ಗೆ ಟೋಟಲ್ ಸಾಲನ್ನೇ ನಂಬಿ. ‘ಶುಗರ್ ಫ್ರೀ’ ಪ್ರೋಟೀನ್ ಬಾರ್ ತಂದರೆ ಪಟ್ಟಿಯಲ್ಲಿ ಮಾಲ್ಟಿಟಾಲ್ (ಐಎನ್‌ಎಸ್ 965) ಅಥವಾ ಸಾರ್ಬಿಟಾಲ್ (ಐಎನ್‌ಎಸ್ 420) ಇದೆಯೇ ನೋಡಿಕೊಳ್ಳಿ. ಅವು ಸಕ್ಕರೆಗಿಂತ ಕಡಿಮೆ ಕ್ಯಾಲೊರಿಯವು, ಆದರೆ ಸೊನ್ನೆಯಲ್ಲ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ.

100 ಕ್ಯಾಲೊರಿಯ ಲೆಕ್ಕಕ್ಕೂ ಒಂದು ಮಿತಿ ಇದೆ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದು ಅಪರೂಪ. ಸಾರಜನಕ ಅಳೆದು ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ. ಆದ್ದರಿಂದ ಲೇಬಲ್ಲಿನ ಅಂಕಿ ಪ್ರೋಟೀನಿನ ಗುಣ ಹೇಳುವುದಿಲ್ಲ. ಕೊಲಾಜನ್ ಪುಡಿ ನಮ್ಮ ಲೆಕ್ಕದಲ್ಲಿ 20ರ ಮೇಲೆ ಬರುತ್ತದೆ, ಆದರೆ ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೊ ಆಮ್ಲವೇ ಇಲ್ಲ. ಅದೊಂದನ್ನೇ ನಂಬಿದರೆ ಸ್ನಾಯುವಿಗೆ ಸಾಲದು. ‘ಪ್ರೋಟೀನ್ ಬಿಸ್ಕತ್ತು’ಗಳಲ್ಲಿ ಗ್ಲುಟನ್ ಸೇರಿಸಿ ಅಂಕಿ ಏರಿಸಿರುವುದುಂಟು, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಇನ್ನೊಂದು ಅಗತ್ಯ ಅಮೈನೊ ಆಮ್ಲ ಕಡಿಮೆ. ಬೇಳೆ, ಹಾಲು, ಮೊಟ್ಟೆ, ಸೋಯಾದಲ್ಲಿ ಈ ಕೊರತೆ ಇಲ್ಲ. ಪ್ರೋಟೀನ್ ಪುಡಿಯ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಎಂಬ ಹೆಸರುಗಳು ಬಿಡಿಯಾಗಿ ಮೊದಲ ಸಾಲಿನಲ್ಲೇ ಕಂಡರೆ ಎಚ್ಚರವಾಗಿರಿ: ಅಗ್ಗದ ಈ ಪುಡಿಗಳೂ ಸಾರಜನಕದ ಪರೀಕ್ಷೆಯಲ್ಲಿ ಪ್ರೋಟೀನಾಗಿಯೇ ತೂಗುತ್ತವೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರೋಟೀನಿನ ಮಿತಿಯೇ ಬೇರೆ. ನಿಮ್ಮ ಕ್ರಿಯಾಟಿನಿನ್ ನೋಡಿಯೇ 60 ಬರೆದಿದ್ದಾರೋ ಇಲ್ಲವೋ, ಮುಂದಿನ ಸಲ ಕೇಳಿಕೊಳ್ಳಿ.

ಹಾಗಾದರೆ ಆ 500 ಕ್ಯಾಲೊರಿಯಲ್ಲಿ 40 ಗ್ರಾಂ ಹೇಗೆ? ಪ್ಯಾಕೆಟ್‌ಗಳ ಪೈಕಿ ಈ ಕೆಲಸ ಸಲೀಸಾಗಿ ಮಾಡುವುದು ಸೋಯಾ ಚಂಕ್ಸ್. ಒಣದು 40 ಗ್ರಾಂ ತೂಗಿ ನೆನೆಸಿ ಸಾಗು ಮಾಡಿದರೆ 138 ಕ್ಯಾಲೊರಿಗೆ 21 ಗ್ರಾಂ. ನೆನೆಸಿದ ಮೇಲೆ ತೂಗಬೇಡಿ. ಲೇಬಲ್ಲಿನ 52 ಗ್ರಾಂ ಎಂಬುದು ಒಣ ತೂಕದ್ದು, ನೀರು ಹೀರಿದ ಮೇಲೆ ಅದೇ ತೂಕದಲ್ಲಿ ಬಹಳ ಕಡಿಮೆ ಇರುತ್ತದೆ. ಬೇಳೆ, ಕಾಳುಗಳಿಗೂ ಇದೇ ಎಚ್ಚರ. 30 ಗ್ರಾಂ ತೊಗರಿಬೇಳೆ ಹಾಕಿದ ಸಾರಿನಿಂದ 100 ಕ್ಯಾಲೊರಿ, ಆರೂವರೆ ಗ್ರಾಂ. ಟೋನ್ಡ್ ಹಾಲಿನ ಮೊಸರು 200 ಗ್ರಾಂ, 120 ಕ್ಯಾಲೊರಿ, ಆರೂವರೆ ಗ್ರಾಂ. ಬೇಯಿಸಿದ ಒಂದು ಮೊಟ್ಟೆ, 70 ಕ್ಯಾಲೊರಿ, 6 ಗ್ರಾಂ. ಒಟ್ಟು 428 ಕ್ಯಾಲೊರಿ, 40 ಗ್ರಾಂ. ಇನ್ನೂ 70 ಕ್ಯಾಲೊರಿ ಉಳಿಯಿತು. ಮಗ ತಂದ ಮ್ಯೂಸ್ಲಿಯನ್ನು 15 ಗ್ರಾಂನಷ್ಟು ಮೊಸರಿನ ಮೇಲೆ ಉದುರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಸಕ್ಕರೆ ಅರ್ಧ ಚಮಚದಷ್ಟು ಬರುತ್ತದೆ. ನ್ಯೂಟ್ರಿಷನ್ ಪೌಡರ್ ಡಬ್ಬಿ ಒಡೆಯದಿದ್ದರೆ ಅಂಗಡಿಗೆ ವಾಪಸು ಕೊಡಿಸಿ.

ಸಣ್ಣ ಪ್ಯಾಕೆಟ್ಟಿನಲ್ಲಿ ಪೋಷಕಾಂಶದ ಚೌಕ ಕಾಣದಿದ್ದರೆ ಗಾಬರಿ ಬೇಡ. ಮೇಲ್ಮೈ 100 ಚದರ ಸೆಂ.ಮೀ. ಮೀರದ ಪ್ಯಾಕೆಟ್‌ಗೆ ಆ ವಿವರದಿಂದ ವಿನಾಯಿತಿ ಇದೆ. ಅದೇ ಸರಕಿನ ದೊಡ್ಡ ಪ್ಯಾಕೆಟ್ ಹುಡುಕಿ ಓದಿ. ಅಕ್ಷರ ಸಣ್ಣದಾದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ. ವಿದೇಶದಿಂದ ಯಾರಾದರೂ ತಂದುಕೊಟ್ಟದ್ದರಲ್ಲಿ ಎರಡು ವ್ಯತ್ಯಾಸ ಇರುತ್ತದೆ: ಅಮೆರಿಕದ ಲೇಬಲ್‌ಗಳಲ್ಲಿ ಅಂಕಿ ಒಂದು ಸರ್ವಿಂಗ್‌ಗೆ ಮಾತ್ರ ಇರುವುದೇ ಹೆಚ್ಚು, ಆದರೂ ನಮ್ಮ ಭಾಗಾಕಾರಕ್ಕೆ ಅಡ್ಡಿಯಿಲ್ಲ, ಪ್ರೋಟೀನ್ ಮತ್ತು ಕ್ಯಾಲೊರಿ ಎರಡನ್ನೂ ಅದೇ ಕಾಲಂನಿಂದ ತೆಗೆದರಾಯಿತು. ಬ್ರಿಟನ್, ಯುರೋಪ್, ಆಸ್ಟ್ರೇಲಿಯಾದ ಪ್ಯಾಕೆಟ್‌ಗಳಲ್ಲಿ ಆಡೆಡ್ ಶುಗರ್ಸ್ ಸಾಲು ಕಡ್ಡಾಯವಲ್ಲ, ಪದಾರ್ಥಗಳ ಪಟ್ಟಿಯೇ ಗತಿ. ಎನರ್ಜಿ ಕಿಲೊಜೂಲ್‌ನಲ್ಲಿ ಮಾತ್ರ ಇದ್ದರೆ 4.2ರಿಂದ ಭಾಗಿಸಿ ಕ್ಯಾಲೊರಿ ಮಾಡಿಕೊಳ್ಳಿ.